ಒಂದೇ ಫೋನು, ನಾಲ್ಕು ವರ್ಟಿಕಲ್ ವೀಡಿಯೊ, ಶಾರ್ಟ್ಸ್ ಆದದ್ದು ಒಂದೇ: ನಿಮ್ಮದನ್ನು ಹೇಗೆ ಹಾಕುತ್ತೀರಿ?

ಶಿವಮೊಗ್ಗ ಜಿಲ್ಲೆಯ ಸಾಗರದ ಹತ್ತಿರದ ಹಳ್ಳಿಯಲ್ಲಿರುವ ನನ್ನ ಅತ್ತೆ ಯೂಟ್ಯೂಬಿನಲ್ಲಿ ಒಂದು ಅಡುಗೆ ಚಾನೆಲ್ ನಡೆಸುತ್ತಾರೆ. ಹಲಸಿನ ಹಪ್ಪಳದ ಕಾಲ ಮುಗಿದ ಮೇಲೆ ಒಂದು ಸಂಜೆ ಫೋನ್ ಮಾಡಿ ಕೇಳಿದರು: "ನಾಲ್ಕು ವೀಡಿಯೊವನ್ನೂ ಫೋನು ನೆಟ್ಟಗೆ ಹಿಡಿದೇ ತೆಗೆದಿದ್ದೇನೆ. ಒಂದು ಮಾತ್ರ ಶಾರ್ಟ್ಸ್‌ಗೆ ಹೋಗಿದೆ, ಮೂರು ದೊಡ್ಡ ವೀಡಿಯೊಗಳ ಸಾಲಿನಲ್ಲಿ ಕೂತಿವೆ. ಶಾರ್ಟ್ಸ್‌ಗೆ ಹೋದದ್ದೂ ಯಾರಿಗೂ ತೆರೆಯುತ್ತಿಲ್ಲವಂತೆ. ನಾನೇನು ತಪ್ಪು ಮಾಡಿದೆ ಹೇಳು."

ಅತ್ತೆ ತಪ್ಪು ಮಾಡಿರಲಿಲ್ಲ. ಆ ನಾಲ್ಕು ವೀಡಿಯೊಗಳಿಗೆ ನಾಲ್ಕು ಬೇರೆ ಬೇರೆ ಕಾರಣಗಳಿದ್ದವು, ಮತ್ತು ಈ ಪ್ರಶ್ನೆ ಇಟ್ಟುಕೊಂಡು ನನ್ನ ಬಳಿ ಬರುವ ಹೆಚ್ಚಿನವರ ತೊಂದರೆ ಈ ನಾಲ್ಕರೊಳಗೇ ಇರುತ್ತದೆ. ಆದ್ದರಿಂದ ಅವನ್ನೇ ಎದುರಿಗಿಟ್ಟುಕೊಂಡು, ಕೈಯಲ್ಲಿರುವ ಒಂದು ವರ್ಟಿಕಲ್ ತುಣುಕನ್ನು ಎಷ್ಟು ಬಗೆಯಲ್ಲಿ ಹಾಕಬಹುದು, ಯಾವ ಬಗೆ ಯಾರಿಗೆ ಹೊಂದುತ್ತದೆ ಎಂದು ನೋಡೋಣ.

ಶಾರ್ಟ್ಸ್ ಎಂದು ತೀರ್ಮಾನವಾಗುವುದು ಹೇಗೆ

ಯೂಟ್ಯೂಬಿನಲ್ಲಿ "ಇದನ್ನು ಶಾರ್ಟ್ಸ್ ಮಾಡು" ಅಥವಾ "ಇದನ್ನು ಶಾರ್ಟ್ಸ್ ಮಾಡಬೇಡ" ಎಂದು ಹೇಳುವ ಗುಂಡಿ ಇಲ್ಲ. ಶೀರ್ಷಿಕೆಯಲ್ಲಿ #Shorts ಎಂದು ಬರೆದರೆ ಆಗುತ್ತದೆ ಎಂಬ ನಂಬಿಕೆ ಈಗಲೂ ಇದೆ. ಆ ಗುರುತು ಇದ್ದರೂ ಇಲ್ಲದಿದ್ದರೂ ವಿಂಗಡಣೆ ಬದಲಾಗುವುದಿಲ್ಲ. ನೋಡುವುದು ಮೂರೇ ಸಂಗತಿ: ಚೌಕಟ್ಟಿನ ಆಕಾರ, ವೀಡಿಯೊದ ಉದ್ದ, ಅಪ್‌ಲೋಡ್ ಮಾಡಿದ ದಿನ.

ಆಕಾರದ ಲೆಕ್ಕ ಸರಳ. ಅಗಲ ಮತ್ತು ಎತ್ತರ ಸಮನಾಗಿದ್ದರೆ, ಅಥವಾ ಎತ್ತರ ಹೆಚ್ಚಿದ್ದರೆ, ಅದು ಶಾರ್ಟ್ಸ್ ಆಗಬಲ್ಲದು. ಸಾಮಾನ್ಯವಾಗಿ ಬಳಸುವ 9:16 ಮಾತ್ರವಲ್ಲ, ಇನ್‌ಸ್ಟಾಗ್ರಾಮಿಗೆಂದು ಮಾಡಿದ 4:5 ಅಳತೆಯದೂ, ಪೂರ್ತಿ ಚೌಕವಾದ 1:1 ಕೂಡ ಇದರಲ್ಲಿ ಸೇರುತ್ತವೆ. "ಚೌಕ ಮಾಡಿದೆ, ಆದರೂ ಶಾರ್ಟ್ಸ್ ಆಯಿತು" ಎಂದು ಬೇಸರಪಡುವವರಿಗೆ ಉತ್ತರ ಇಲ್ಲಿಯೇ ಇದೆ. ಸಣ್ಣ ವೀಡಿಯೊ ಶಾರ್ಟ್ಸ್ ಆಗಬಾರದೆಂದಾದರೆ ಅಗಲವು ಎತ್ತರಕ್ಕಿಂತ ಹೆಚ್ಚಿರಲೇಬೇಕು.

ಉದ್ದ ಮತ್ತು ದಿನ ಒಂದಕ್ಕೊಂದು ಹೆಣೆದುಕೊಂಡಿವೆ. 2020ರ ಸೆಪ್ಟೆಂಬರಿನಲ್ಲಿ ಶಾರ್ಟ್ಸ್ ಮೊದಲು ಪ್ರಯೋಗಕ್ಕೆ ಬಂದದ್ದು ಭಾರತದಲ್ಲಿಯೇ. ಆಮೇಲೆ ಬಹಳ ಕಾಲ 60 ಸೆಕೆಂಡಿನ ಮಿತಿ ಇತ್ತು. 2024ರ ಅಕ್ಟೋಬರ್ 15ರಿಂದ ಆ ಮಿತಿ ಮೂರು ನಿಮಿಷಕ್ಕೆ ಏರಿತು. ಆ ದಿನದ ನಂತರ ಹಾಕಿದ, ಮೂರು ನಿಮಿಷದೊಳಗಿನ, ಚೌಕ ಅಥವಾ ನಿಲುವಾದ ವೀಡಿಯೊ ತಾನಾಗಿ ಶಾರ್ಟ್ಸ್ ಆಗುತ್ತದೆ. ಆದರೆ ಹಿಂದೆ ಹಾಕಿದವುಗಳನ್ನು ಯೂಟ್ಯೂಬ್ ಮತ್ತೆ ವಿಂಗಡಿಸಲಿಲ್ಲ. 2024ರ ಏಪ್ರಿಲಿನಲ್ಲಿ ಹಾಕಿದ ಎರಡು ನಿಮಿಷದ ವರ್ಟಿಕಲ್ ವೀಡಿಯೊ ಇವತ್ತಿಗೂ ಸಾಮಾನ್ಯ ವೀಡಿಯೊವೇ.

ಅತ್ತೆಯ ನಾಲ್ಕರಲ್ಲಿ ಒಂದರ ಕಥೆ ಇಷ್ಟೇ ಆಗಿತ್ತು. ಮಾವಿನ ಮಿಡಿ ಉಪ್ಪಿನಕಾಯಿಯ 2 ನಿಮಿಷ 10 ಸೆಕೆಂಡಿನ ತುಣುಕನ್ನು ಅವರು ಆ ಏಪ್ರಿಲಿನಲ್ಲಿ ಹಾಕಿದ್ದರು. ನೋಡಲು ಶಾರ್ಟ್ಸಿನಂತೆಯೇ ಇದ್ದರೂ ಹಳೆಯ ನಿಯಮದ ಕಾಲದ್ದು. ಅಲ್ಲಿ ಸರಿಪಡಿಸುವಂಥದ್ದೇನೂ ಇರಲಿಲ್ಲ.

ನೆಟ್ಟಗೆ ತೆಗೆದದ್ದು ಅಡ್ಡವಾದದ್ದು ಹೇಗೆ

ಎರಡನೆಯದು ನನ್ನನ್ನು ಸ್ವಲ್ಪ ಹೊತ್ತು ಕಾಡಿತು. ಬೇಯಿಸಿ ಕುಟ್ಟಿದ ಹಲಸಿನ ತೊಳೆಯನ್ನು ಉಂಡೆ ಮಾಡಿ, ಎಣ್ಣೆ ಸವರಿದ ಹಾಳೆಗಳ ನಡುವೆ ಇಟ್ಟು ಮಣೆಯಿಂದ ಒತ್ತುವ ದೃಶ್ಯ. ಒಂದು ನಿಮಿಷ 50 ಸೆಕೆಂಡು. ಫೋನಿನಲ್ಲಿ ನೋಡಿದರೆ ಚಿತ್ರ ನಿಲುವಾಗಿಯೇ ಕಾಣುತ್ತದೆ. ಆದರೂ ಸಾಮಾನ್ಯ ವೀಡಿಯೊ.

ಕಂಪ್ಯೂಟರಿಗೆ ತರಿಸಿಕೊಂಡು, FFmpeg ಎಂಬ ವೀಡಿಯೊ ತಂತ್ರಾಂಶದ ffprobe ಆಜ್ಞೆಯಿಂದ ಅಳತೆ ನೋಡಿದೆ.

```
ffprobe -v error -select_streams v:0 \
  -show_entries stream=width,height:stream_side_data=rotation:format=duration \
  -of default=nw=1 unde.mp4
```

ಬಂದ ಉತ್ತರ ಹೀಗಿತ್ತು:

```
width=1920
height=1080
duration=110.080000
```

ಅಗಲ 1920, ಎತ್ತರ 1080, ತಿರುಗಿಸುವ ಸೂಚನೆ ಇಲ್ಲ. ಅಂದರೆ ಕಡತ ಅಡ್ಡವಾಗಿದೆ. ನಿಲುವಾಗಿ ಕಾಣುವ ಚಿತ್ರದ ಎಡಬಲಕ್ಕೆ ಕಪ್ಪು ಪಟ್ಟಿಗಳು ಅದರೊಳಗೇ ಅಚ್ಚಾಗಿದ್ದವು. ಚಿತ್ರ ನಿಲುವು, ಚೌಕಟ್ಟು ಅಡ್ಡ. ಯೂಟ್ಯೂಬ್ ನೋಡುವುದು ಚೌಕಟ್ಟನ್ನು. ಪಟ್ಟಿ ಕಪ್ಪಾಗಿದ್ದರೂ, ಅದೇ ಚಿತ್ರವನ್ನು ಮಸುಕು ಮಾಡಿ ಎರಡು ಪಕ್ಕದಲ್ಲಿ ತುಂಬಿಸಿದ್ದರೂ ಫಲ ಒಂದೇ.

ಇದು ಹೇಗಾಯಿತೆಂದು ಅತ್ತೆಯನ್ನು ಕೇಳುತ್ತಾ ಹೋದಾಗ ವಿಷಯ ಬಿಡಿಸಿಕೊಂಡಿತು. ಮಣೆಯ ಮೇಲಿನ ಕೆಲಸ ಸರಿಯಾಗಿ ಕಾಣಲೆಂದು ಅವರು ಫೋನನ್ನು ನೆಲಕ್ಕೆ ಸಮನಾಗಿ, ಮೇಲಿನಿಂದ ಕೆಳಮುಖವಾಗಿ ಹಿಡಿದಿದ್ದರು. ಫೋನು ನಿಂತಿದೆಯೋ ಅಡ್ಡವಿದೆಯೋ ಎಂಬುದನ್ನು ಅದರೊಳಗಿನ ಸಂವೇದಕ ಭೂಮಿಯ ಸೆಳೆತದಿಂದ ತಿಳಿಯುತ್ತದೆ. ಫೋನು ಪೂರ್ತಿ ಮಲಗಿದಾಗ ಅದಕ್ಕೆ ಮೇಲು ಯಾವುದು, ಪಕ್ಕ ಯಾವುದು ಎಂದು ಗೊತ್ತಾಗುವುದಿಲ್ಲ. ಹಿಂದೆ ಯಾವ ಭಂಗಿಯಲ್ಲಿತ್ತೋ ಅದನ್ನೇ ಹಿಡಿದುಕೊಂಡು ರೆಕಾರ್ಡ್ ಮಾಡಲು ತೊಡಗುತ್ತದೆ, ಒಮ್ಮೆ ತೊಡಗಿದ ಮೇಲೆ ನಡುವೆ ಬದಲಾಯಿಸುವುದಿಲ್ಲ. ಹೀಗೆ ವೀಡಿಯೊ ಅಡ್ಡವಾಗಿ ಉಳಿಯಿತು. ಮನೆಯ ಹುಡುಗ ಎಡಿಟಿಂಗ್ ಆ್ಯಪಿನಲ್ಲಿ ಚಿತ್ರವನ್ನು ತಿರುಗಿಸಿ ನೆಟ್ಟಗೆ ಮಾಡಿದ. ಆದರೆ ಆ್ಯಪಿನ ಪ್ರಾಜೆಕ್ಟ್ 16:9ರಲ್ಲೇ ಇದ್ದುದರಿಂದ ನೆಟ್ಟಗಾದ ಚಿತ್ರ ಅಡ್ಡ ಚೌಕಟ್ಟಿನ ನಡುವೆ ಕುಗ್ಗಿ ಕುಳಿತಿತು.

ಮೇಲಿನಿಂದ ತೆಗೆಯುವ ಅಡುಗೆ, ರಂಗೋಲಿ, ಮೆಹಂದಿ, ಕಸೂತಿಯ ವೀಡಿಯೊಗಳಲ್ಲಿ ಈ ತೊಂದರೆ ಪದೇ ಪದೇ ಬರುತ್ತದೆ. ತಡೆಯುವುದು ಸುಲಭ: ಫೋನನ್ನು ಮೊದಲು ನಿಮ್ಮ ಎದುರಿಗೆ ನೆಟ್ಟಗೆ ಹಿಡಿದು, ಪರದೆಯ ಮೇಲಿನ ಚಿಹ್ನೆಗಳು ನೆಟ್ಟಗಾದುದನ್ನು ನೋಡಿ, ರೆಕಾರ್ಡ್ ಒತ್ತಿ, ಆಮೇಲೆ ಕೆಳಕ್ಕೆ ಬಾಗಿಸಿ. ಮೊದಲ ಎರಡು ಸೆಕೆಂಡು ಕತ್ತರಿಸಿದರೆ ಮುಗಿಯಿತು.

ಆಗಲೇ ಆಗಿಹೋಗಿದ್ದರೆ, ಪಟ್ಟಿ ಬಂದ ಪ್ರತಿಯನ್ನು ಕತ್ತರಿಸಲು ಹೋಗಬೇಡಿ. ಅದರೊಳಗೆ ನಿಜವಾದ ಚಿತ್ರದ ಅಗಲ ಸುಮಾರು 608 ಪಿಕ್ಸೆಲ್ ಮಾತ್ರ ಉಳಿದಿರುತ್ತದೆ, ಹಿಗ್ಗಿಸಿದರೆ ಮಸುಕಾಗುತ್ತದೆ. ಫೋನಿನಲ್ಲಿರುವ ಮೂಲ ಕಡತವನ್ನು ತಿರುಗಿಸಿದರೆ ಪೂರ್ತಿ 1080×1920 ಸಿಗುತ್ತದೆ.

```
ffmpeg -i moola.mp4 -vf "transpose=1" -c:a copy unde-9x16.mp4
```

ಇದು ಬಲಕ್ಕೆ ತಿರುಗಿಸುತ್ತದೆ. ತಲೆಕೆಳಗಾಗಿ ಬಂದರೆ 1ರ ಬದಲು 2 ಹಾಕಿ. ಕಂಪ್ಯೂಟರ್ ಇಲ್ಲದವರು ಎಡಿಟಿಂಗ್ ಆ್ಯಪಿನಲ್ಲಿ ಮೊದಲು ಪ್ರಾಜೆಕ್ಟಿನ ಅಳತೆಯನ್ನು 9:16 ಎಂದು ಆರಿಸಿ, ನಂತರ ಮೂಲ ವೀಡಿಯೊ ತಂದು ತಿರುಗಿಸಿ ಅಂಚಿನವರೆಗೆ ಹಿಗ್ಗಿಸಬೇಕು.

ಒಂದು ಎಚ್ಚರಿಕೆ ಇಲ್ಲಿ ಅಗತ್ಯ. ಸರಿಯಾಗಿ ನೆಟ್ಟಗೆ ತೆಗೆದ ವೀಡಿಯೊವನ್ನೂ ಹಲವು ಫೋನುಗಳು 1920×1080 ಎಂದೇ ಉಳಿಸಿ, ಜೊತೆಗೆ "ತೋರಿಸುವಾಗ 90 ಡಿಗ್ರಿ ತಿರುಗಿಸು" ಎಂಬ ಸೂಚನೆ ಬರೆದಿಡುತ್ತವೆ. ಆಗ ಮೇಲಿನ ಉತ್ತರದಲ್ಲಿ `rotation=-90` ಎಂಬ ಸಾಲು ಬರುತ್ತದೆ. ಅಂಥದ್ದು ನಿಲುವಿನ ವೀಡಿಯೊವೇ, ಅಂಕಿಗಳನ್ನು ಮಾತ್ರ ನೋಡಿ ಗಾಬರಿಯಾಗಬೇಕಿಲ್ಲ.

ಮೂರನೆಯ ವೀಡಿಯೊ, ಹಪ್ಪಳ ಚಾಪೆಯ ಮೇಲೆ ಒಣಗುವುದು, ಸರಿಯಾದ 9:16ರಲ್ಲಿಯೇ ಇತ್ತು. ಹುಡುಗ ಅದನ್ನು ಅಂಚಿನವರೆಗೆ, ಸರಿಯಾಗಿ ಮೂರು ನಿಮಿಷಕ್ಕೆ ಕತ್ತರಿಸಿದ್ದ. ಆದರೆ ಆ್ಯಪು ಕೊನೆಗೆ ತನ್ನ ಲಾಂಛನದ ಎರಡು ಸೆಕೆಂಡಿನ ತುಣುಕನ್ನು ಅಂಟಿಸಿತ್ತು. 182 ಸೆಕೆಂಡಾಯಿತು, ಶಾರ್ಟ್ಸ್ ಆಗಲಿಲ್ಲ. ಹಿನ್ನೆಲೆಯ ಸಂಗೀತ ಚಿತ್ರಕ್ಕಿಂತ ತುಸು ಉದ್ದವಾಗಿ ಚಾಚಿಕೊಂಡಾಗಲೂ ಹೀಗೇ ಆಗುತ್ತದೆ: ಕೊನೆಯಲ್ಲಿ ಕಪ್ಪು ಪರದೆಯ ಮೇಲೆ ಒಂದು ಸೆಕೆಂಡು ಸಂಗೀತ ಕೇಳಿಸಿದರೆ ಅದನ್ನು ಅನುಮಾನಿಸಿ. ನಾನಾದರೆ 2 ನಿಮಿಷ 55 ಸೆಕೆಂಡಿಗೆ ನಿಲ್ಲಿಸುತ್ತೇನೆ.

ನಾಲ್ಕನೆಯದು ಶಾರ್ಟ್ಸ್ ಆಗಿಯೂ ತೆರೆಯದ ವೀಡಿಯೊ. ಅದು ಹಾಡಿನ ಪ್ರಶ್ನೆ, ಮುಂದೆ ಬರುತ್ತದೆ.

ನಿಮ್ಮ ವೀಡಿಯೊ ಯಾವ ಸಾಲಿಗೆ ಸೇರಿದೆ ಎಂದು ತಿಳಿಯಲು, ಚಾನೆಲ್ ನಡೆಸುವವರಿಗಾಗಿ ಇರುವ ಯೂಟ್ಯೂಬ್ ಸ್ಟುಡಿಯೊದಲ್ಲಿ ವೀಡಿಯೊ ಮತ್ತು ಶಾರ್ಟ್ಸ್‌ಗೆ ಬೇರೆ ಬೇರೆ ಪಟ್ಟಿಗಳಿವೆ. ಬೇರೆಯವರ ವೀಡಿಯೊವನ್ನು ಪರೀಕ್ಷಿಸಬೇಕಿದ್ದರೆ ಬ್ರೌಸರಿನಲ್ಲಿ ಅದರ ವಿಳಾಸದಲ್ಲಿರುವ ಗುರುತಿನ ಅಕ್ಷರಗಳನ್ನು `youtube.com/shorts/` ಎಂಬುದರ ಕೊನೆಗೆ ಅಂಟಿಸಿ ತೆರೆಯಿರಿ. ವಿಳಾಸ ಹಾಗೆಯೇ ಉಳಿದರೆ ಶಾರ್ಟ್ಸ್, ತಾನಾಗಿ `watch?v=` ಎಂದು ಬದಲಾದರೆ ಸಾಮಾನ್ಯ ವೀಡಿಯೊ.

ಆರಿಸುವ ಮೊದಲು ಕೇಳಿಕೊಳ್ಳಬೇಕಾದದ್ದು

ವಿಂಗಡಣೆ ಹೇಗಾಗುತ್ತದೆಂದು ತಿಳಿದ ಮೇಲೆ ಅದನ್ನು ನಮ್ಮ ಕೈಗೆ ತೆಗೆದುಕೊಳ್ಳಬಹುದು. ಒಂದೇ ದೃಶ್ಯವನ್ನು ನಾಲ್ಕು ಬಗೆಯಲ್ಲಿ ಹಾಕಬಹುದು: ಒಂದು ನಿಮಿಷದೊಳಗಿನ ಶಾರ್ಟ್ಸ್, ಒಂದರಿಂದ ಮೂರು ನಿಮಿಷದ ಶಾರ್ಟ್ಸ್, ಮೂರು ನಿಮಿಷ ದಾಟಿದ ವರ್ಟಿಕಲ್ ವೀಡಿಯೊ, ಅಡ್ಡ ಚೌಕಟ್ಟಿನ ಸಾಮಾನ್ಯ ವೀಡಿಯೊ.

ಇವನ್ನು ತೂಗಲು ನಾನು ನಾಲ್ಕು ಪ್ರಶ್ನೆ ಕೇಳುತ್ತೇನೆ. ನೋಡುವವರು ಯಾರು, ಬೆರಳು ಸರಿಸುತ್ತಾ ಎಡವಿ ಬೀಳುವ ಅಪರಿಚಿತರೋ, ಹುಡುಕಿಕೊಂಡು ಬರುವವರೋ? ಚಾನೆಲಿನಿಂದ ಆದಾಯ ಬೇಕಿದ್ದರೆ ಯಾವ ಲೆಕ್ಕ ತುಂಬಬೇಕು? ವೀಡಿಯೊದಲ್ಲಿ ಬೇರೆಯವರ ಹಾಡು ಕೇಳಿಸುತ್ತದೆಯೋ? ನೋಡಿದವರನ್ನು ಮುಂದೆ ಎಲ್ಲಿಗಾದರೂ ಕಳಿಸಬೇಕೋ? ಇವುಗಳ ಜೊತೆಗೆ ನಿಮ್ಮ ಹೊತ್ತಿನ ಲೆಕ್ಕವೂ ಇದೆ. ಒಮ್ಮೆ ಪ್ರಕಟಿಸಿದ್ದು ಬೇರೆ ಸಾಲಿಗೆ ಸೇರಬೇಕೆಂದರೆ ಬೇರೆ ಅಳತೆಯ ಪ್ರತಿ ಮಾಡಿ ಹೊಸದಾಗಿಯೇ ಹಾಕಬೇಕಾಗುತ್ತದೆ, ಹಳೆಯದರ ವೀಕ್ಷಣೆ ಮತ್ತು ಕಮೆಂಟುಗಳು ಹೊಸದಕ್ಕೆ ಬರುವುದಿಲ್ಲ.

ಆದಾಯದ ಲೆಕ್ಕವನ್ನು ಬಿಡಿಸಿ ಹೇಳಬೇಕು, ಏಕೆಂದರೆ ಹೆಚ್ಚಿನವರು ಎಡವುವುದು ಅಲ್ಲೇ. ಜಾಹೀರಾತಿನ ಪಾಲು ಸಿಗಬೇಕಾದರೆ 1,000 ಚಂದಾದಾರರಿರಬೇಕು. ಜೊತೆಗೆ ಹಿಂದಿನ 12 ತಿಂಗಳಲ್ಲಿ 4,000 ಗಂಟೆಗಳ ವೀಕ್ಷಣೆ ಇರಬೇಕು, ಇಲ್ಲವೇ ಹಿಂದಿನ 90 ದಿನಗಳಲ್ಲಿ ಒಂದು ಕೋಟಿ ಶಾರ್ಟ್ಸ್ ವೀಕ್ಷಣೆ ಇರಬೇಕು. ಇವೆರಡು ಬೇರೆ ಬೇರೆ ಹುಂಡಿಗಳು. ಶಾರ್ಟ್ಸ್ ಫೀಡಿನಲ್ಲಿ ಜನ ಎಷ್ಟು ಹೊತ್ತು ನೋಡಿದರೂ ಅದು 4,000 ಗಂಟೆಯ ಹುಂಡಿಗೆ ಬೀಳುವುದಿಲ್ಲ.

4,000 ಗಂಟೆಯೆಂದರೆ 2,40,000 ನಿಮಿಷ. ಒಬ್ಬೊಬ್ಬರು ಸರಾಸರಿ ಮೂರು ನಿಮಿಷ ನೋಡಿದರೆ ವರ್ಷಕ್ಕೆ 80,000 ವೀಕ್ಷಣೆ ಸಾಕು. ಇನ್ನೊಂದು ದಾರಿಯಲ್ಲಿ 90 ದಿನಕ್ಕೆ ಒಂದು ಕೋಟಿಯೆಂದರೆ ದಿನಕ್ಕೆ ಸುಮಾರು 1,11,000. ಹಲಸಿನ ಹಪ್ಪಳದಂಥ ವಿಷಯ ಹಿಡಿದ ಕನ್ನಡ ಚಾನೆಲಿಗೆ ಮೊದಲನೆಯದು ಕಷ್ಟಪಟ್ಟರೆ ಕೈಗೆಟುಕುವ ದಾರಿ ಎಂಬುದು ನನ್ನ ಅಭಿಪ್ರಾಯ. ಇನ್ನೊಂದು ಮಾತು: 2025ರ ಮಾರ್ಚ್ 31ರಿಂದ ಶಾರ್ಟ್ಸ್ ಪ್ರತಿ ಬಾರಿ ಓಡಲು ತೊಡಗಿದ ಕೂಡಲೇ ಒಂದು ವೀಕ್ಷಣೆ ಎಂದು ಎಣಿಕೆಯಾಗುತ್ತದೆ. ಆದರೆ ಅರ್ಹತೆಗೆ ಮತ್ತು ಹಣಕ್ಕೆ ಹಿಡಿಯುವುದು ಸ್ಟುಡಿಯೊದಲ್ಲಿ Engaged views ಎಂದು ಬೇರೆಯಾಗಿ ತೋರಿಸುವ ಸಂಖ್ಯೆಯನ್ನು. ಮೇಲೆ ಕಾಣುವ ದೊಡ್ಡ ಅಂಕಿ ನೋಡಿ ಕೋಟಿಯ ಲೆಕ್ಕ ಹಾಕಬೇಡಿ.

ಒಂದು ನಿಮಿಷದೊಳಗಿನ ಶಾರ್ಟ್ಸ್

ಹೊಸ ಚಾನೆಲಿಗೆ, ಮುಖವೇ ಗೊತ್ತಿಲ್ಲದ ಜನರ ಎದುರು ಹೋಗಿ ನಿಲ್ಲಲು ಇದಕ್ಕಿಂತ ಕಡಿಮೆ ಖರ್ಚಿನ ದಾರಿ ಇಲ್ಲ. ಫೋನೊಂದೇ ಸಾಕು. ಹಪ್ಪಳ ಕಾದ ಎಣ್ಣೆಗೆ ಬಿದ್ದು ಅರಳುವ ಆ ಹತ್ತು ಸೆಕೆಂಡು ಇಲ್ಲಿಗೇ ಹೇಳಿ ಮಾಡಿಸಿದ್ದು. ಹಾಡಿನ ವಿಷಯದಲ್ಲೂ ಇಲ್ಲಿ ಹಿಂಜರಿಕೆ ಕಡಿಮೆ: ಹಾಡಿನ ಹಕ್ಕುದಾರರು ಅನುಮತಿಸಿದ್ದರೆ, ಹಾಡು ಅವರದೆಂಬ ಹಕ್ಕಿನ ಗುರುತು ಬಿದ್ದರೂ ವೀಡಿಯೊ ಓಡುತ್ತಿರುತ್ತದೆ.

ಕೊಡಬೇಕಾದ ಬೆಲೆಯೂ ಇದೆ. ಗಂಟೆಗಳ ಹುಂಡಿಗೆ ಇದರಿಂದ ಏನೂ ಬರುವುದಿಲ್ಲ. ನೀವೇ ಮಾಡಿದ ಮುಖಚಿತ್ರ ಹಾಕುವಂತಿಲ್ಲ, ಮೊಬೈಲ್ ಆ್ಯಪಿನಿಂದ ಹಾಕುವಾಗ ವೀಡಿಯೊದ ಒಂದು ಚಿತ್ರವನ್ನು ಆರಿಸಿಕೊಳ್ಳಬಹುದು ಅಷ್ಟೆ. ಕೊನೆಯ ಪರದೆಯಲ್ಲಿ ಬೇರೆ ವೀಡಿಯೊ ತೋರಿಸುವ ಅನುಕೂಲವಿಲ್ಲ. 2023ರ ಆಗಸ್ಟ್ 31ರಿಂದ ಶಾರ್ಟ್ಸಿನ ವಿವರಣೆ ಮತ್ತು ಕಮೆಂಟುಗಳಲ್ಲಿ ಬರೆದ ಕೊಂಡಿ ಒತ್ತಿದರೆ ತೆರೆಯುವುದಿಲ್ಲ. ಹಪ್ಪಳ ಮಾರುವವರು ವಾಟ್ಸಾಪಿನ ಕೊಂಡಿಯನ್ನು ಅಲ್ಲಿ ಬರೆದು ಕಾಯುತ್ತಿದ್ದರೆ ಯಾರೂ ಬರುವುದಿಲ್ಲ. ಒಂದೇ ಒಂದು ಕಿಟಕಿ ಬಿಟ್ಟಿದ್ದಾರೆ: ಸ್ಟುಡಿಯೊದಲ್ಲಿ Related video ಎಂಬಲ್ಲಿ ನಿಮ್ಮದೇ ಇನ್ನೊಂದು ವೀಡಿಯೊವನ್ನು ಜೋಡಿಸಬಹುದು. ಹೀಗಾಗಿ ಸಣ್ಣ ಶಾರ್ಟ್ಸ್ ಹಾಕುವುದಾದರೆ ಅದರ ಹಿಂದೆ ಒಂದು ದೊಡ್ಡ ವೀಡಿಯೊ ಇರಲೇಬೇಕು ಎಂಬುದು ನನ್ನ ನಿಲುವು.

ಒಂದರಿಂದ ಮೂರು ನಿಮಿಷದ ಶಾರ್ಟ್ಸ್

ಅತ್ತೆಯ ನಾಲ್ಕನೆಯ ವೀಡಿಯೊ ಇದೇ ಬಗೆಯದು. 2 ನಿಮಿಷ 42 ಸೆಕೆಂಡು, ಸರಿಯಾದ ನಿಲುವು, ಅತ್ತೆ ತಾವೇ ಮಾತನಾಡುತ್ತಾ ಹಪ್ಪಳ ಒತ್ತುವುದನ್ನು ಹೇಳಿಕೊಟ್ಟಿದ್ದಾರೆ. ಆದರೆ ಹಿಂದೆ ಕಿಟಕಿಯ ಬಳಿ ರೇಡಿಯೊ ಹಾಡುತ್ತಿತ್ತು. ಒಂದು ಚಿತ್ರಗೀತೆಯ ಇಪ್ಪತ್ತು ಸೆಕೆಂಡು ವೀಡಿಯೊದಲ್ಲಿ ಸೇರಿಕೊಂಡಿತ್ತು.

ಯೂಟ್ಯೂಬಿನ ಕಂಟೆಂಟ್ ಐಡಿ ವ್ಯವಸ್ಥೆ ಆ ಹಾಡನ್ನು ಗುರುತಿಸಿತು. ಒಂದು ನಿಮಿಷಕ್ಕಿಂತ ಉದ್ದವಾದ ಶಾರ್ಟ್ಸಿನ ಮೇಲೆ ಇಂಥ ಹಕ್ಕಿನ ಗುರುತು ಇದ್ದರೆ, ಹಕ್ಕುದಾರರು ತಡೆಯಬೇಕೆಂದು ಹೇಳಿರದಿದ್ದರೂ, ಆ ವೀಡಿಯೊ ಎಲ್ಲ ದೇಶಗಳಲ್ಲೂ ನಿಂತುಹೋಗುತ್ತದೆ. ಚಾನೆಲಿಗೆ ಶಿಕ್ಷೆಯ ಸ್ಟ್ರೈಕ್ ಬೀಳುವುದಿಲ್ಲ, ಆದರೆ ವೀಡಿಯೊ ಯಾರಿಗೂ ಓಡುವುದಿಲ್ಲ. ಇದೇ ತುಣುಕು ಅಡ್ಡ ಚೌಕಟ್ಟಿನಲ್ಲಿದ್ದಿದ್ದರೆ ಈ ನಿಯಮ ತಗುಲುತ್ತಿರಲಿಲ್ಲ. ಹಕ್ಕುದಾರರು ಏನು ಹೇಳಿದ್ದಾರೋ ಅದು ನಡೆಯುತ್ತಿತ್ತು: ಹಲವು ಬಾರಿ ಜಾಹೀರಾತಿನ ಹಣ ಅವರಿಗೆ ಹೋಗಿ, ವೀಡಿಯೊ ನಡೆಯುತ್ತಿರುತ್ತದೆ.

ನಾಲ್ಕು ಬಗೆಗಳಲ್ಲಿ ನಾನು ಅತಿ ಹೆಚ್ಚು ಎಚ್ಚರಿಕೆ ಹೇಳುವುದು ಇದರ ಬಗ್ಗೆ. ಮದುವೆಯ ವಾಲಗದ ನಂತರ ಹಾಕಿದ ಹಾಡು, ಜಾತ್ರೆಯ ಧ್ವನಿವರ್ಧಕ, ಬಸ್ಸಿನೊಳಗಿನ ಟೇಪು, ಪಕ್ಕದ ಕೋಣೆಯ ಟಿವಿ, ಇವೆಲ್ಲ ನಮ್ಮ ಕಿವಿಗೆ ಬರಿಯ ಗದ್ದಲ. ಕಂಟೆಂಟ್ ಐಡಿಗೆ ಅವು ಹೆಸರಿರುವ ಹಾಡುಗಳು. ಕಂಪ್ಯೂಟರಿನ ಸ್ಟುಡಿಯೊದಿಂದ ಹಾಕುವಾಗ ಪ್ರಕಟಿಸುವ ಮೊದಲು ಒಂದು ಪರಿಶೀಲನೆಯ ಹಂತ ಬರುತ್ತದೆ. ಅದು ಮುಗಿಯುವವರೆಗೆ ವೀಡಿಯೊವನ್ನು ಖಾಸಗಿಯಾಗಿಯೇ ಇಡಿ. ಗುರುತು ಬಿದ್ದರೆ ಸ್ಟುಡಿಯೊದಲ್ಲಿಯೇ ಆ ಭಾಗವನ್ನು ಕತ್ತರಿಸಬಹುದು, ಹಾಡನ್ನು ಮೌನಗೊಳಿಸಬಹುದು, ಅಥವಾ ಯೂಟ್ಯೂಬಿನ ಉಚಿತ ಆಡಿಯೊ ಲೈಬ್ರರಿಯಿಂದ ಬೇರೆ ಸಂಗೀತ ಹಾಕಬಹುದು.

ಹಾಗಾದರೆ ಇದು ಯಾರಿಗೆ? ತಮ್ಮ ದನಿ ಮಾತ್ರ ಇರುವ, ಒಂದು ನಿಮಿಷಕ್ಕೆ ಮುಗಿಯದ ಮಾತುಳ್ಳವರಿಗೆ. ಒಂದು ಗಾದೆಯ ಹಿನ್ನೆಲೆ ಹೇಳುವವರಿಗೆ, ಅಡಿಕೆ ತೋಟದ ರೋಗ ತೋರಿಸಿ ಔಷಧಿ ಸಿಂಪಡಿಸುವುದನ್ನು ವಿವರಿಸುವವರಿಗೆ. ಅವರಿಗೆ ಹೊಸ ನೋಡುಗರೂ ಸಿಗುತ್ತಾರೆ, ಮಾತನ್ನು ನಡುವೆ ತುಂಡರಿಸಬೇಕಾದ ತೊಂದರೆಯೂ ಇಲ್ಲ. ಮುಖಚಿತ್ರ, ಕೊಂಡಿ, ಗಂಟೆಗಳ ಕೊರತೆ ಮಾತ್ರ ಮೇಲೆ ಹೇಳಿದ ಹಾಗೆಯೇ ಉಳಿಯುತ್ತದೆ.

ಮೂರು ನಿಮಿಷ ದಾಟಿದ ವರ್ಟಿಕಲ್

ನೆಟ್ಟಗೆ ತೆಗೆದದ್ದೆಲ್ಲ ಶಾರ್ಟ್ಸಿಗೇ ಎಂಬ ಭಾವನೆಯಿಂದ ಜನ ಈ ಬಗೆಯನ್ನು ಮರೆತೇಬಿಡುತ್ತಾರೆ. ಮೂರು ನಿಮಿಷ ದಾಟಿದ ಮೇಲೆ ವರ್ಟಿಕಲ್ ವೀಡಿಯೊಗೆ ಸಾಮಾನ್ಯ ವೀಡಿಯೊದ ಸೌಲಭ್ಯಗಳು ಸಿಗುತ್ತವೆ: ನೋಡಿದ ಹೊತ್ತು ಗಂಟೆಗಳ ಹುಂಡಿಗೆ ಬೀಳುತ್ತದೆ, ನಿಮ್ಮದೇ ಮುಖಚಿತ್ರ ಹಾಕಬಹುದು, ಕೊನೆಯ ಪರದೆ ಇಡಬಹುದು. ಫೋನಿನಲ್ಲಿ ನೋಡುವವರಿಗೆ ಪರದೆ ತುಂಬ ಕಾಣುತ್ತದೆ. ನಿಮ್ಮ ನೋಡುಗರು ಹೆಚ್ಚಾಗಿ ಫೋನಿನವರೇ ಆಗಿದ್ದು, ನಿಮ್ಮ ಬಳಿ ಅಡ್ಡ ತೆಗೆಯಲು ಸ್ಟ್ಯಾಂಡೂ ಜಾಗವೂ ಇಲ್ಲದಿದ್ದರೆ ಇದು ಒಳ್ಳೆಯ ಆಯ್ಕೆ.

ಕಂಪ್ಯೂಟರಿನಲ್ಲಿ ಮತ್ತು ಟಿವಿಯಲ್ಲಿ ಇದು ನಡುವಿನ ಸಣ್ಣ ಪಟ್ಟಿಯಾಗಿ ಕಾಣುತ್ತದೆ. ಸೀರೆ ನೇಯುವವರ ಕೈಕೆಲಸವನ್ನು ಟಿವಿಯಲ್ಲಿ ನೋಡಲು ಕುಳಿತವರಿಗೆ ಅದು ನಿರಾಸೆಯೇ. ಆ ಪಕ್ಕದ ಖಾಲಿ ಜಾಗವನ್ನು ಪ್ಲೇಯರ್ ತಾನೇ ತುಂಬಿಕೊಳ್ಳುತ್ತದೆ, ನೀವು ಪಟ್ಟಿ ಸೇರಿಸಬೇಕಿಲ್ಲ. ಸೇರಿಸಿದರೆ ಫೋನಿನಲ್ಲಿಯೂ ಚಿತ್ರ ಸಣ್ಣದಾಗುತ್ತದೆ. ಮುಖಚಿತ್ರವನ್ನು ಮಾತ್ರ 16:9 ಅಳತೆಯಲ್ಲಿ ಮಾಡಿ.

ಆದರೆ ಎರಡೂವರೆ ನಿಮಿಷದ ವಿಷಯವನ್ನು ಶಾರ್ಟ್ಸ್ ಆಗದಿರಲೆಂದು ಮೂರೂಕಾಲು ನಿಮಿಷಕ್ಕೆ ಎಳೆಯಬೇಡಿ. ಎಳೆದ ಜಾಗದಲ್ಲಿಯೇ ನೋಡುಗ ಎದ್ದು ಹೋಗುತ್ತಾನೆ.

ಅಡ್ಡ ಚೌಕಟ್ಟು

ಫೋನನ್ನು ಅಡ್ಡ ಹಿಡಿದು ತೆಗೆದದ್ದು ಹತ್ತು ಸೆಕೆಂಡಿನದಾದರೂ ಶಾರ್ಟ್ಸ್ ಆಗುವುದಿಲ್ಲ. ಹುಡುಕಿಕೊಂಡು ಬರುವವರಿಗೆ, ಟಿವಿಯಲ್ಲಿ ನೋಡುವವರಿಗೆ, ವರ್ಷಗಳ ಕಾಲ ಉಳಿಯಬೇಕಾದ ವಿಷಯಕ್ಕೆ ಇದೇ ಸರಿ. "ಹಲಸಿನ ಹಪ್ಪಳ ಮಾಡುವ ವಿಧಾನ" ಎಂದು ಹುಡುಕುವವರಿಗೆ ಹಲಸು ಕೊಯ್ಯುವುದರಿಂದ ಡಬ್ಬಿಗೆ ತುಂಬುವವರೆಗೆ ನಿಧಾನವಾಗಿ ತೋರಿಸಬೇಕು. ಆದಾಯದ ಪಾಲಿನಲ್ಲೂ ವ್ಯತ್ಯಾಸವಿದೆ: ಇಂಥ ವೀಡಿಯೊದ ಪಕ್ಕದಲ್ಲಿ ಬಂದ ಜಾಹೀರಾತಿನ ಹಣದಲ್ಲಿ 55 ಶೇಕಡ ನಿಮ್ಮದು. ಶಾರ್ಟ್ಸಿನಲ್ಲಿ ಎಲ್ಲರ ಜಾಹೀರಾತಿನ ಹಣ ಒಟ್ಟುಗೂಡಿ, ಸಂಗೀತದ ಪಾಲು ಕಳೆದು, ವೀಕ್ಷಣೆಗೆ ತಕ್ಕಂತೆ ನಿಮಗೆ ನಿಗದಿಯಾದ ಮೊತ್ತದಲ್ಲಿ 45 ಶೇಕಡ.

ಇದಕ್ಕೆ ಬೇಕಾಗುವುದು ಕೆಲಸ. ಬೆಳಕು, ಸ್ಟ್ಯಾಂಡ್, ಒಂದಕ್ಕಿಂತ ಹೆಚ್ಚು ಕೋನ, ಒಂದು ಸಂಜೆಯ ಎಡಿಟಿಂಗ್. ಆಗಲೇ ನೆಟ್ಟಗೆ ತೆಗೆದದ್ದನ್ನು ಮಸುಕು ಪಟ್ಟಿ ಹಾಕಿ ಅಡ್ಡ ಮಾಡುವುದು ಕೊನೆಯ ದಾರಿ. ಒಂದರಿಂದ ಮೂರು ನಿಮಿಷದ ತುಣುಕಿನಲ್ಲಿ ತೆಗೆಯಲಾಗದ ಹಾಡಿದ್ದಾಗ, ಉದಾಹರಣೆಗೆ ಊರ ಶಾಲೆಯ ಮಕ್ಕಳ ನೃತ್ಯದ ವೀಡಿಯೊದಲ್ಲಿ, ನಾನು ಅದನ್ನು ಮಾಡುತ್ತೇನೆ. ಅಲ್ಲಿ ಹಾಡು ತೆಗೆದರೆ ನೃತ್ಯವೇ ಉಳಿಯುವುದಿಲ್ಲ, ಮತ್ತು ನೋಡಬೇಕಾದವರು ಆ ಮಕ್ಕಳ ಮನೆಯವರೇ. ಅವರಿಗೆ ಕೊಂಡಿ ಕಳಿಸಿದರೆ ಮುಗಿಯಿತು, ಶಾರ್ಟ್ಸ್ ಫೀಡಿನ ಅಗತ್ಯವೇ ಇಲ್ಲ.

ಅತ್ತೆಯ ನಾಲ್ಕು ಏನಾದವು

ಅತ್ತೆಗೆ ಬೇಕಾದದ್ದು ಎರಡು. ಗಂಟೆಗಳ ಹುಂಡಿ ತುಂಬಬೇಕು, ಮತ್ತು ಮುಂದಿನ ಹಲಸಿನ ಕಾಲಕ್ಕೆ ಹಪ್ಪಳ ಕೇಳುವ ಹೊಸ ಜನ ಬೇಕು. ಹಣ ಖರ್ಚು ಮಾಡುವಂತಿರಲಿಲ್ಲ, ಹಲಸೂ ಮುಗಿದಿತ್ತು, ಮತ್ತೆ ತೆಗೆಯುವ ಮಾತೇ ಇರಲಿಲ್ಲ.

ಮಾವಿನ ಮಿಡಿಯ ಹಳೆಯ ವೀಡಿಯೊವನ್ನು ಮುಟ್ಟಲಿಲ್ಲ. ಅದು ಎರಡು ನಿಮಿಷದ್ದಾಗಿದ್ದರೂ ಸಾಮಾನ್ಯ ಸಾಲಿನಲ್ಲಿದೆ, ಗಂಟೆ ಸೇರಿಸುತ್ತಿದೆ. ಇವತ್ತು ಹಾಕಿದರೆ ಅದೇ ತುಣುಕಿಗೆ ಆ ಜಾಗ ಸಿಗುವುದಿಲ್ಲ. "ಅಳಿಸಿ ಮತ್ತೆ ಹಾಕಲೇ?" ಎಂದು ಅತ್ತೆ ಕೇಳಿದಾಗ ಬೇಡವೇ ಬೇಡ ಎಂದೆ.

ತೆರೆಯದೆ ನಿಂತಿದ್ದ ವೀಡಿಯೊದಲ್ಲಿ ರೇಡಿಯೊ ಕೇಳಿಸುವ ಇಪ್ಪತ್ತು ಸೆಕೆಂಡುಗಳಲ್ಲಿ ಅತ್ತೆ ಏನೂ ಹೇಳುತ್ತಿರಲಿಲ್ಲ. ಸ್ಟುಡಿಯೊದಲ್ಲಿ ಆ ಭಾಗವನ್ನು ಕತ್ತರಿಸಿದೆವು. ಬದಲಾವಣೆ ಉಳಿದು ಹಕ್ಕಿನ ಗುರುತು ಹೋಗಲು ಸ್ವಲ್ಪ ಹೊತ್ತು ಹಿಡಿಯಿತು, ಆಮೇಲೆ ವೀಡಿಯೊ ತೆರೆಯಿತು.

ಉಂಡೆ ಒತ್ತುವ ದೃಶ್ಯದ ಮೂಲ ಕಡತ ಫೋನಿನಲ್ಲಿ ಉಳಿದಿತ್ತು. ಅದನ್ನು ತಿರುಗಿಸಿ, ಮಣೆ ಎತ್ತಿದಾಗ ಹಪ್ಪಳ ದುಂಡಗೆ ಬಿಡಿಸಿಕೊಳ್ಳುವಲ್ಲಿಗೆ ನಿಲ್ಲಿಸಿ, 48 ಸೆಕೆಂಡಿನ ಶಾರ್ಟ್ಸ್ ಮಾಡಿದೆವು. ಪಟ್ಟಿ ಬಂದ ಪ್ರತಿಯನ್ನು ಖಾಸಗಿ ಮಾಡಿದೆವು.

ಚಾಪೆಯ ಮೇಲೆ ಒಣಗುವ 182 ಸೆಕೆಂಡಿನದನ್ನು ಲಾಂಛನ ತೆಗೆದು ಶಾರ್ಟ್ಸ್ ಮಾಡಬಹುದಿತ್ತು. ಅತ್ತೆ ಒಪ್ಪಲಿಲ್ಲ. ಕುಟ್ಟುವುದು, ಒತ್ತುವುದು, ಒಣಗಿಸುವುದು, ಕರಿಯುವುದು ಎಲ್ಲದರ ಬಿಡಿ ತುಣುಕುಗಳು ಫೋನಿನಲ್ಲಿ ಇದ್ದವು. ಅವನ್ನೆಲ್ಲ ಅದಕ್ಕೆ ಸೇರಿಸಿ, ತಮ್ಮ ದನಿಯಲ್ಲಿ ವಿವರಣೆ ಕೊಟ್ಟು, ಏಳು ನಿಮಿಷದ ವರ್ಟಿಕಲ್ ವೀಡಿಯೊ ಮಾಡಿಸಿದರು. 48 ಸೆಕೆಂಡಿನ ಶಾರ್ಟ್ಸಿನ Related video ಜಾಗದಲ್ಲಿ ಈಗ ಅದು ಇದೆ. ಹಪ್ಪಳಕ್ಕೆ ಸಂಪರ್ಕಿಸುವ ಕೊಂಡಿಯನ್ನು ಏಳು ನಿಮಿಷದ ವೀಡಿಯೊದ ವಿವರಣೆಯ ಮೊದಲ ಸಾಲಿನಲ್ಲಿ ಹಾಕಿದ್ದೇವೆ, ಅಲ್ಲಿ ಒತ್ತಿದರೆ ಅದು ತೆರೆಯುತ್ತದೆ.